ಪರಾಭವಕ್ಕೆ ಮುನ್ನ ವಿಶ್ವಾವಸುವಿನ ಲೆಕ್ಕ

ವಿಶ್ವಾವಸು ಸಂವತ್ಸರ ಮುಗಿಯುತ್ತ ಬಂದಿದೆ. ಹೊಸ ಪಂಚಾಂಗ ಕೈಗೆ ಬಂದಾಗಿದೆ, ಬರುವ ವರ್ಷದ ಹೆಸರು ಪರಾಭವ. ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರು ನಿವೃತ್ತ ಸಂಸ್ಕೃತ ಮೇಷ್ಟ್ರು, ಯುಗಾದಿಯ ಸಂಜೆ ದೇವಸ್ಥಾನದಲ್ಲಿ ಪಂಚಾಂಗ ಓದುವವರು. ಇನ್ನೊಬ್ಬಳು ಅವರಲ್ಲೇ ಓದಿ ಈಗ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಪಂಚಾಂಗ ಬೇಕೋ ಬೇಡವೋ ಎಂಬುದು ಇವರ ಜಗಳವಲ್ಲ. ತಿಥಿ, ನಕ್ಷತ್ರ, ಗ್ರಹಣಗಳ ಗಣಿತದಲ್ಲಿ ಇಬ್ಬರಿಗೂ ಗೌರವವಿದೆ. ಅದೇ ಪುಸ್ತಕದ ಮೊದಲ ಪುಟಗಳಲ್ಲಿ ಬರುವ ಸಂವತ್ಸರ ಫಲವನ್ನು ಏನೆಂದು ತಿಳಿದು ಓದಬೇಕು ಎಂಬುದೊಂದೇ ಪ್ರಶ್ನೆ.

ಶಿಷ್ಯೆ: ಮೇಷ್ಟ್ರೇ, ಪರಾಭವ ಎಂಬ ಹೆಸರು ಕೇಳಿದ ಕೂಡಲೇ ಜನ ಈ ವರ್ಷ ಹೇಗಪ್ಪಾ ಎಂದು ಶುರು ಮಾಡುತ್ತಾರೆ. ಅರವತ್ತು ಹೆಸರುಗಳ ಪಟ್ಟಿಯಲ್ಲಿ ಇದು ನಲವತ್ತನೆಯದು. ಕಳೆದ ಸಲ ಬಂದದ್ದು 1966ರಲ್ಲಿ. ಆಗ ಬಿಹಾರದಲ್ಲಿ ಬರ, ದೇಶಕ್ಕೆಲ್ಲ ಧಾನ್ಯದ ಅಭಾವ. ಹೆಸರಿಗೆ ತಕ್ಕ ಹಾಗೆ ನಡೆಯಿತು ನೋಡಿ ಎಂದು ಹೇಳುವವರು ಈಗಲೂ ಇದ್ದಾರೆ. ಆದರೆ ಅದರ ಹಿಂದಿನ ವರ್ಷ, 1965ರಲ್ಲೂ ಮಳೆ ಕೈಕೊಟ್ಟಿತ್ತು. ಆ ವರ್ಷದ ಹೆಸರು ವಿಶ್ವಾವಸು. ಗಂಧರ್ವನ ಹೆಸರು, ಯಾರಿಗೂ ಅದರ ಭಯವಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಬಿಹಾರದ ಪಂಚಾಂಗದಲ್ಲಿ ಆ ವರ್ಷ ಪರಾಭವವೇ ಅಲ್ಲ. ಅವರ ಎಣಿಕೆ ಬೇರೆ. ನಾವು ವಿಶ್ವಾವಸು ಎಂದ ಈ ವರ್ಷವನ್ನು ಉತ್ತರದವರು ಸಿದ್ಧಾರ್ಥಿ ಎಂದರು, ನಮ್ಮ ಪಟ್ಟಿಯಲ್ಲಿ ಹದಿನಾಲ್ಕು ಹೆಸರು ಮುಂದೆ. ಬರ ಬಿದ್ದ ನಾಡಿನವರು ಬಳಸದ ಹೆಸರು ಆ ಬರವನ್ನು ತಂದದ್ದು ಹೇಗೆ?

ಮೇಷ್ಟ್ರು: ಹೆಸರು ಬರವನ್ನು ತಂದಿತು ಎಂದು ನಾನು ಎಂದೂ ಓದಿಲ್ಲ, ಮುಂದೆಯೂ ಓದುವುದಿಲ್ಲ. ಆದರೆ ಆ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದನ್ನು ಬಿಡಿಸಿ ನೋಡಿದರೆ ಈ ಚಕ್ರದ ಹುಟ್ಟು ಗೊತ್ತಾಗುತ್ತದೆ. ಗುರುಗ್ರಹ ರಾಶಿಚಕ್ರವನ್ನು ಒಮ್ಮೆ ಸುತ್ತಲು ಹತ್ತಿರ ಹತ್ತಿರ 12 ವರ್ಷ. ಶನಿಗೆ ಹತ್ತಿರ ಹತ್ತಿರ 30. ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸುವ ಹೊತ್ತಿಗೆ ಅರವತ್ತು ವರ್ಷವಾಗಿ, ಎರಡೂ ಹೊರಟ ಜಾಗದ ಸಮೀಪಕ್ಕೆ ಬಂದಿರುತ್ತವೆ. ಹಾಗಾಗಿ ಅರವತ್ತು ಎಂಬುದು ಆಕಾಶ ನೋಡಿದವರ ಲೆಕ್ಕ. ಗುರು ತನ್ನ ಮಧ್ಯಮ ಗತಿಯಲ್ಲಿ ಒಂದು ರಾಶಿ ದಾಟುವ ಅವಧಿಯೇ ಮೊದಲಿಗೆ ಸಂವತ್ಸರ, ಬಾರ್ಹಸ್ಪತ್ಯ ಸಂವತ್ಸರ. ಸೂರ್ಯಸಿದ್ಧಾಂತದ ಪ್ರಕಾರ ಅದು 361 ದಿನ ಮತ್ತು ಸ್ವಲ್ಪ. ನಮ್ಮ ಸೌರವರ್ಷಕ್ಕಿಂತ ನಾಲ್ಕು ದಿನಕ್ಕಿಂತ ತುಸು ಹೆಚ್ಚು ಕಡಿಮೆ. ಹೀಗೆ ಉಳಿದ ದಿನಗಳು ಸೇರಿ ಸೇರಿ ಸುಮಾರು 85 ವರ್ಷಕ್ಕೆ ಒಂದು ಇಡೀ ಸಂವತ್ಸರವಾಗುತ್ತದೆ. ಆಗ ಒಂದು ಹೆಸರನ್ನು ಕ್ಷಯ ಎಂದು ಬಿಟ್ಟು ಮುಂದಿನದಕ್ಕೆ ಹೋಗಬೇಕು. ಉತ್ತರದವರು ಇವತ್ತಿಗೂ ಹಾಗೆ ಬಿಡುತ್ತಾರೆ. ದಕ್ಷಿಣದಲ್ಲಿ ಹತ್ತನೆಯ ಶತಮಾನದ ಆರಂಭದ ಸುಮಾರಿಗೆ ಬಿಡುವುದನ್ನು ನಿಲ್ಲಿಸಿದರು. ಅಂದಿನಿಂದ ನಮ್ಮದು ಸಾಲಾಗಿ ಬರುವ ಪಟ್ಟಿ.

ಶಿಷ್ಯೆ: ನನ್ನ ವಾದದ ಅರ್ಧವನ್ನು ನೀವೇ ಹೇಳಿದಿರಿ. ಸಂವತ್ಸರಗಳ ಫಲವನ್ನು ಬಿಡಿಬಿಡಿಯಾಗಿ ಹೇಳಿದವರಲ್ಲಿ ವರಾಹಮಿಹಿರ ದೊಡ್ಡವನು. ಬೃಹತ್ಸಂಹಿತೆಯಲ್ಲಿ ಆ ಅರವತ್ತರ ಫಲ ಬರುವುದು ಗುರುವಿನ ಚಾರದ ಅಧ್ಯಾಯದಲ್ಲಿ. ಅಂದರೆ ಅವನ ಸಂವತ್ಸರ ಗುರುವಿಗೆ ಕಟ್ಟಿದ್ದು. ಗುರು ಇಂಥ ರಾಶಿಯಲ್ಲಿದ್ದಾಗ ಇಂಥ ಫಲ ಎಂಬುದನ್ನು ಒಪ್ಪಲಿ ಬಿಡಲಿ, ಅದಕ್ಕೆ ಒಂದು ಆಧಾರವಾದರೂ ಆಕಾಶದಲ್ಲಿತ್ತು. ನಮ್ಮ ಕಡೆ ಆ ಹಗ್ಗ ಕಡಿದು ಸಾವಿರ ವರ್ಷ ದಾಟಿದೆ. ಹೆಸರು ಮಾತ್ರ ಉಳಿದಿದೆ, ಗುರು ಬೇರೆಲ್ಲೋ ಇದ್ದಾನೆ. ಆದರೂ ಆ ಹಳೆಯ ಫಲವನ್ನು ಈ ಹೊಸ ಎಣಿಕೆಗೆ ಹಚ್ಚಿ ಓದುತ್ತೇವೆ. ಜ್ಯೋತಿಷದ ನಿಯಮದಲ್ಲೇ ನಿಂತು ನೋಡಿದರೂ ಅದು ಸಲ್ಲುವುದಿಲ್ಲ.

ಮೇಷ್ಟ್ರು: ಅದು ನಿಜ. ಹೆಸರನ್ನು ಹಿಡಿದು ಫಲ ಹೇಳುವುದು ದಕ್ಷಿಣದ ಎಣಿಕೆಯಲ್ಲಿ ನಿಲ್ಲುವುದಿಲ್ಲ ಎಂಬುದನ್ನು ನಾನು ಒಪ್ಪಿದೆ. ಆದರೆ ಹಗ್ಗ ಕಡಿದದ್ದರಿಂದ ನಮಗೆ ಸಿಕ್ಕಿದ್ದೇನು ಎಂಬುದನ್ನೂ ನೋಡು. ಹೆಸರು ತಪ್ಪದೆ ಸಾಲಾಗಿ ಬರುವುದರಿಂದ ಅದು ಕಾಲವನ್ನು ಗುರುತಿಸುವ ಗಟ್ಟಿ ಸಾಧನವಾಯಿತು. ಶಕವರ್ಷಕ್ಕೆ 12 ಸೇರಿಸು, 60ರಿಂದ ಭಾಗಿಸು, ಶೇಷವೇ ಸಂವತ್ಸರದ ಸಂಖ್ಯೆ. ರಕ್ಕಸತಂಗಡಿ ಯುದ್ಧ ನಡೆದದ್ದು 1565ರ ಜನವರಿಯಲ್ಲಿ, ಶಕ 1486. ಹನ್ನೆರಡು ಸೇರಿಸಿದರೆ 1498, ಶೇಷ 58. ಐವತ್ತೆಂಟನೆಯದು ರಕ್ತಾಕ್ಷಿ. ಆ ವರ್ಷದ ಶಾಸನವೊಂದರಲ್ಲಿ ಶಕದ ಅಂಕಿ ಸವೆದಿದ್ದು ರಕ್ತಾಕ್ಷಿ ಎಂಬುದು ಮಾತ್ರ ಉಳಿದಿದ್ದರೆ, ಲಿಪಿಯ ಕಾಲದಿಂದ ಅರವತ್ತು ವರ್ಷದೊಳಗೆ ಹೇಗೂ ಬರುತ್ತೇವೆ, ಹೆಸರು ಅದರೊಳಗೆ ಒಂದೇ ವರ್ಷವನ್ನು ತೋರಿಸುತ್ತದೆ. ಮಾಸ, ತಿಥಿ, ವಾರ ಸೇರಿದರೆ ದಿನವೇ ಸಿಗುತ್ತದೆ. ಫ್ಲೀಟ್ ಕನ್ನಡ ಶಾಸನಗಳ ಕಾಲವನ್ನು ಪರೀಕ್ಷಿಸಿದ್ದು ಹೀಗೆ. ಸ್ವಾಮಿಕಣ್ಣು ಪಿಳ್ಳೈ ಅಷ್ಟು ದೊಡ್ಡ ಕೋಷ್ಟಕಗಳನ್ನು ಕಟ್ಟಿದ್ದೂ ಇದೇ ಕೆಲಸಕ್ಕೆ. ಉತ್ತರದ ಎಣಿಕೆಯಲ್ಲಿ ಯಾವ ಹೆಸರು ಯಾವಾಗ ಕ್ಷಯವಾಯಿತು ಎಂಬ ಇನ್ನೊಂದು ಪ್ರಶ್ನೆ ಬಂದು ಕೂರುತ್ತದೆ.

ಶಿಷ್ಯೆ: ಸಂವತ್ಸರವನ್ನು ತಾರೀಖಾಗಿ ಇಟ್ಟುಕೊಳ್ಳಲು ನನಗೆ ಆಕ್ಷೇಪವೇ ಇಲ್ಲ. ಪರೀಕ್ಷಿಸಬಹುದಾದ ಮಾತು ಅದು, ಪರೀಕ್ಷೆಯಲ್ಲಿ ಗೆದ್ದಿದೆ ಕೂಡ. ನನ್ನ ಪ್ರಶ್ನೆ ನವನಾಯಕರದ್ದು. ಯುಗಾದಿಯ ಸಂಜೆ ಜನ ಕಿವಿಗೊಟ್ಟು ಕೇಳುವುದು ಅದನ್ನೇ. ಈ ವರ್ಷ ರಾಜ ಯಾರು, ಮಂತ್ರಿ ಯಾರು, ಮೇಘಾಧಿಪತಿ ಯಾರು?

ಮೇಷ್ಟ್ರು: ನವನಾಯಕರನ್ನು ಹಿಡಿಯುವ ವಿಧಾನ ಹೆಸರಿನ ಹಾಗೆ ಬರಿಯ ಪಟ್ಟಿಯಲ್ಲ, ಅದಕ್ಕೆ ಆಯಾ ವರ್ಷದ ಲೆಕ್ಕ ಬೇಕು. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬರುತ್ತದೋ ಆ ವಾರದ ಒಡೆಯ ರಾಜ. ಸೂರ್ಯ ಮೇಷಕ್ಕೆ ಬರುವ ವಾರದ ಒಡೆಯ ಮಂತ್ರಿ. ಮಿಥುನ ಸಂಕ್ರಮಣದಿಂದ ಅರ್ಘಾಧಿಪತಿ, ಅಂದರೆ ಬೆಲೆಗಳನ್ನು ನೋಡುವವನು. ಸೂರ್ಯ ಆರ್ದ್ರಾ ನಕ್ಷತ್ರಕ್ಕೆ ಬಂದಾಗ ಮೇಘಾಧಿಪತಿ. ಕರ್ಕದಿಂದ ಸಸ್ಯಾಧಿಪತಿ, ಸಿಂಹದಿಂದ ಸೇನಾಧಿಪತಿ. ತುಲಾ ಸಂಕ್ರಮಣದಿಂದ ರಸಾಧಿಪತಿ, ಎಣ್ಣೆ, ತುಪ್ಪ, ಬೆಲ್ಲ ಅವನ ಪಾಲು. ಧನುವಿನಿಂದ ಧಾನ್ಯಾಧಿಪತಿ, ಮಕರದಿಂದ ಲೋಹದಂಥ ಒಣ ಸರಕುಗಳ ನೀರಸಾಧಿಪತಿ. ಈ ಪಟ್ಟಿ ಮಾಡಿದವರು ಯಾರೋ, ಅವರಿಗೆ ರಾಜ್ಯ ಎಂದರೇನು ಎಂಬುದು ಗೊತ್ತಿತ್ತು. ಮಳೆ ಬಂದರೂ ಬೆಳೆ ಕೈಗೆ ಬರದೇ ಇರಬಹುದು, ಬೆಳೆ ಬಂದರೂ ಬೆಲೆ ಬಡವನಿಗೆ ಎಟುಕದೇ ಹೋಗಬಹುದು. ಅದಕ್ಕೇ ಮೇಘಕ್ಕೆ ಒಬ್ಬ, ಸಸ್ಯಕ್ಕೆ ಒಬ್ಬ, ಧಾನ್ಯಕ್ಕೆ ಒಬ್ಬ, ಅರ್ಘಕ್ಕೆ ಒಬ್ಬ.

ಶಿಷ್ಯೆ: ಪಟ್ಟಿ ಚೆನ್ನಾಗಿದೆ. ಅದನ್ನು ತುಂಬುವ ಬಗೆಯನ್ನು ಲೆಕ್ಕ ಹಾಕಿ ನೋಡೋಣ. ವಿಶ್ವಾವಸುವನ್ನೇ ತೆಗೆದುಕೊಳ್ಳಿ. 2025ರ ಯುಗಾದಿ ಮಾರ್ಚ್ 30, ಭಾನುವಾರ, ರಾಜ ರವಿ. ಮಂತ್ರಿ ಚಂದ್ರ. ಅರ್ಘ, ಮೇಘ, ಸೇನೆ ಮೂರಕ್ಕೂ ರವಿ. ಸಸ್ಯಕ್ಕೆ ಬುಧ, ರಸಕ್ಕೆ ಶುಕ್ರ, ಧಾನ್ಯಕ್ಕೆ ಕುಜ, ನೀರಸಕ್ಕೆ ಮತ್ತೆ ಬುಧ. ಈಗ ಪರಾಭವಕ್ಕೆ ಬನ್ನಿ. 2026ರ ಯುಗಾದಿ ಮಾರ್ಚ್ 19, ಗುರುವಾರ, ರಾಜ ಗುರು. ಮಂತ್ರಿ ಕುಜ. ಅರ್ಘ, ಮೇಘ, ಸೇನೆ ಮೂರಕ್ಕೂ ಚಂದ್ರ. ಸಸ್ಯಕ್ಕೆ ಗುರು, ರಸಕ್ಕೆ ಶನಿ, ಧಾನ್ಯಕ್ಕೆ ಬುಧ, ನೀರಸಕ್ಕೆ ಗುರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮೇಷ್ಟ್ರೇ. ರಾಜನನ್ನು ಬಿಟ್ಟರೆ ಉಳಿದ ಎಂಟೂ ಜನ ಒಂದೊಂದು ವಾರ ಮುಂದೆ ಸರಿದಿದ್ದಾರೆ, ಅಷ್ಟೇ. ರವಿ ಇದ್ದಲ್ಲಿ ಚಂದ್ರ, ಚಂದ್ರ ಇದ್ದಲ್ಲಿ ಕುಜ, ಕುಜ ಇದ್ದಲ್ಲಿ ಬುಧ, ಬುಧ ಇದ್ದಲ್ಲಿ ಗುರು, ಶುಕ್ರ ಇದ್ದಲ್ಲಿ ಶನಿ.

ಮೇಷ್ಟ್ರು: ಸೌರವರ್ಷ 52 ವಾರದ ಮೇಲೆ ಒಂದೇಕಾಲು ದಿನ. ಸರಿಯಲೇಬೇಕಲ್ಲ.

ಶಿಷ್ಯೆ: ಸರಿಯಲೇಬೇಕು. ನನ್ನ ಮಾತು ಅದೇ. ಮೇಷ ಸಂಕ್ರಮಣದಿಂದ ಮಿಥುನಕ್ಕೆ ಎಷ್ಟು ದಿನ, ಸಿಂಹಕ್ಕೆ ಎಷ್ಟು ದಿನ ಎಂಬುದು ಎಲ್ಲ ವರ್ಷವೂ ಹತ್ತಿರ ಹತ್ತಿರ ಒಂದೇ. ಆದ್ದರಿಂದ ಮಂತ್ರಿ ಯಾರೆಂದು ಗೊತ್ತಾದರೆ ಉಳಿದ ಏಳು ಜನರೂ ಗೊತ್ತಾದಂತೆ. ಗಡಿಯಲ್ಲಿ ಅಲ್ಲೊಂದು ಇಲ್ಲೊಂದು ದಿನ ಹೆಚ್ಚುಕಡಿಮೆ ಆದೀತು. ಅರ್ಘಾಧಿಪತಿ, ಮೇಘಾಧಿಪತಿ, ಸೇನಾಧಿಪತಿ ಸಾಮಾನ್ಯವಾಗಿ ಒಬ್ಬನೇ ಗ್ರಹ, ಅದೂ ಮಂತ್ರಿಯ ಹಿಂದಿನ ವಾರದವನು. ಸಸ್ಯ, ನೀರಸ ಎರಡಕ್ಕೂ ಒಬ್ಬನೇ. ಮಳೆ, ಬೆಲೆ, ಸೈನ್ಯ, ಪೈರು, ಎಣ್ಣೆ, ಲೋಹ ಎಂದು ಒಂಬತ್ತು ಬೇರೆ ಬೇರೆ ವಿಷಯಗಳ ಬಗ್ಗೆ ಒಂಬತ್ತು ಸುದ್ದಿ ಬಂದಂತೆ ಕೇಳುವವರಿಗೆ ಅನ್ನಿಸುತ್ತದೆ. ನಿಜವಾಗಿ ಬಂದಿರುವುದು ಎರಡೇ ಸಂಗತಿ. ಯುಗಾದಿ ಯಾವ ವಾರ, ಮೇಷ ಸಂಕ್ರಮಣ ಯಾವ ವಾರ. ಈ ಎರಡರಿಂದ ದೇಶದ ಮಳೆ ಬೆಳೆ ತಿಳಿಯುತ್ತದೆ ಎನ್ನುವುದಾದರೆ, ಅದನ್ನು ತೋರಿಸುವ ಭಾರ ಹೇಳುವವರ ಮೇಲಿದೆ. ಇನ್ನೊಂದು ಮಾತು. ವಾರಗಳಿಗೆ ಒಡೆಯರು ಏಳು ಗ್ರಹಗಳು. ಚಂದ್ರ, ಬುಧ, ಗುರು, ಶುಕ್ರ ಸೌಮ್ಯರು. ರವಿ, ಕುಜ, ಶನಿ ಕ್ರೂರರು. ಹೀಗಿರುವಾಗ ಒಂಬತ್ತು ಸ್ಥಾನಗಳಲ್ಲಿ ಸರಾಸರಿ ಐದು ಸೌಮ್ಯರಿಗೆ, ನಾಲ್ಕು ಕ್ರೂರರಿಗೆ ಸಿಗುತ್ತವೆ. ವರ್ಷ ವರ್ಷವೂ ಮಿಶ್ರ ಫಲ ಎಂದು ಓದಬೇಕಾಗಿ ಬರುವುದು ಅದಕ್ಕೆ. ಮಿಶ್ರ ಫಲ ಎಂಬುದು ಯಾವ ವರ್ಷಕ್ಕೆ ಸುಳ್ಳಾಗಿದೆ?

ಇಲ್ಲಿ ಮೇಷ್ಟ್ರು ಸ್ವಲ್ಪ ಹೊತ್ತು ಎರಡು ಪಂಚಾಂಗಗಳನ್ನೂ ತೆರೆದು ನೋಡಿದರು. ಶಿಷ್ಯೆಯ ಲೆಕ್ಕದಲ್ಲಿ ತಪ್ಪಿಲ್ಲ. ವರ್ಷಗಟ್ಟಲೆ ನವನಾಯಕರನ್ನು ಕೇಳಿದವರೂ ಹೀಗೆ ಸರಿಯುವುದನ್ನು ಗಮನಿಸಿರಲಾರರು. ಹೋದ ವರ್ಷದ ಪಂಚಾಂಗವನ್ನು ಹೊಸದರ ಪಕ್ಕದಲ್ಲಿಟ್ಟು ಓದುವ ರೂಢಿ ನಮ್ಮಲ್ಲಿ ಇಲ್ಲ.

ಮೇಷ್ಟ್ರು: ಮಿಶ್ರ ಎಂದರೂ ಯಾವುದರಲ್ಲಿ ಮಿಶ್ರ ಎಂಬುದು ಮುಖ್ಯವಮ್ಮಾ. ಮೇಘಕ್ಕೆ ಸೌಮ್ಯ ಬಂದು ಧಾನ್ಯಕ್ಕೆ ಕ್ರೂರ ಬಂದ ವರ್ಷ ಒಂದು ಬಗೆ, ಅದರ ತಿರುಗುಮುರುಗು ಇನ್ನೊಂದು ಬಗೆ. ಓದುವವನ ಕೆಲಸ ಬಿಡಿ ವಾಕ್ಯಗಳನ್ನು ಒಪ್ಪಿಸುವುದಲ್ಲ, ಎಲ್ಲವನ್ನೂ ಸೇರಿಸಿ ತೂಗುವುದು. ರಾಜ ಕ್ರೂರನಾಗಿ ಮಂತ್ರಿ ಸೌಮ್ಯನಾದರೆ ಆಳ್ವಿಕೆಯ ಬಿಸಿಯನ್ನು ತಣಿಸುವವನು ಒಬ್ಬನಿದ್ದಾನೆ ಎಂದು ಹೇಳಬೇಕು. ವಿಶ್ವಾವಸುವಿನಲ್ಲಿ ರವಿ ರಾಜ, ಚಂದ್ರ ಮಂತ್ರಿ, ಹಾಗೇ ಓದಿದೆ. ಪರಾಭವದಲ್ಲಿ ರಾಜ ಗುರು, ಮಂತ್ರಿ ಕುಜ. ಒಡೆಯ ಒಳ್ಳೆಯವನು, ನಡೆಸುವವನು ಬಿರುಸು. ಇದನ್ನು ಒಂದು ಊರಿನ ಜನ ಕೂತು ಕೇಳಿದಾಗ ಅವರ ಮನಸ್ಸಿಗೆ ಬರುವುದು ಗ್ರಹಗಳಲ್ಲ, ತಮ್ಮ ಪಂಚಾಯಿತಿ, ತಮ್ಮ ಸರ್ಕಾರ.

ಶಿಷ್ಯೆ: ಮಂತ್ರಿ ಚಂದ್ರ ಎಂದಿರಿ. ಅದೇ ವರ್ಷಕ್ಕೆ ಉತ್ತರದ ಕೆಲವರು ರಾಜನೂ ರವಿ, ಮಂತ್ರಿಯೂ ರವಿ ಎಂದರು. ಕಾರಣ ನಿಮಗೆ ಗೊತ್ತಿದೆ. 2025ರ ಮೇಷ ಸಂಕ್ರಮಣ ಆದದ್ದು ಏಪ್ರಿಲ್ 14ರ ಬೆಳಗಿನ ಜಾವ, ಮೂರೂವರೆಯ ಸುಮಾರಿಗೆ. ನಡುರಾತ್ರಿ ದಾಟಿದ ಮೇಲೆ ಸೋಮವಾರ ಎಂದುಕೊಂಡರೆ ಚಂದ್ರ ಮಂತ್ರಿ. ಸೂರ್ಯೋದಯದವರೆಗೂ ಭಾನುವಾರವೇ ಎಂದರೆ ರವಿ. ಸಿಂಹ ಸಂಕ್ರಮಣವೂ ಧನು ಸಂಕ್ರಮಣವೂ ಆ ವರ್ಷ ಹೀಗೇ ನಡುರಾತ್ರಿ ಕಳೆದು ಸೂರ್ಯೋದಯಕ್ಕೆ ಮುನ್ನವೇ ಬಂದವು. ಸೂರ್ಯೋದಯದ ನಿಯಮ ಹಿಡಿದರೆ ಸೇನಾಧಿಪತಿ ಶನಿಯಾಗುತ್ತಾನೆ, ಧಾನ್ಯಾಧಿಪತಿ ಚಂದ್ರನಾಗುತ್ತಾನೆ. ಬಿಸಿಯನ್ನು ತಣಿಸುವ ಮಂತ್ರಿ ಇದ್ದಾನೋ ಇಲ್ಲವೋ ಎಂಬುದು ದಿನ ಎಲ್ಲಿ ಶುರುವಾಗುತ್ತದೆ ಎಂಬ ನಮ್ಮ ಒಪ್ಪಂದದ ಮೇಲೆ ನಿಂತಿತು. ಮೋಡಕ್ಕೆ ಆ ಒಪ್ಪಂದ ಗೊತ್ತೇ?

ಮೇಷ್ಟ್ರು: ಒಂದೊಂದು ಸಂಪ್ರದಾಯಕ್ಕೆ ಒಂದೊಂದು ನಿಯಮ. ತನ್ನ ನಿಯಮವನ್ನು ವರ್ಷಕ್ಕೊಂದು ಸಲ ಬದಲಿಸದಿದ್ದರೆ ಸಾಕು.

ಶಿಷ್ಯೆ: ಸರಿ, ಯಾವ ನಿಯಮದಲ್ಲೂ ಬದಲಾಗದ್ದನ್ನು ನೋಡೋಣ. ಆರ್ದ್ರಾ ಪ್ರವೇಶ 2025ರ ಜೂನ್ 22, ಭಾನುವಾರದ ಬೆಳಿಗ್ಗೆ. ಮೇಘಾಧಿಪತಿ ರವಿ. ರಾಜನೂ ರವಿ. ರವಿ ಮೇಘಾಧಿಪತಿಯಾದರೆ ಬಿಸಿಲು ಹೆಚ್ಚು, ಮಳೆ ಕಡಿಮೆ ಎಂಬುದು ಪಾಠ. ನಡೆದದ್ದೇನು? ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಮಳೆ ವಾಡಿಕೆಯ ನೂರಕ್ಕೆ 108ರಷ್ಟು. ಹವಾಮಾನ ಇಲಾಖೆ ಏಪ್ರಿಲ್‌ನಲ್ಲೇ 105 ಎಂದು ಹೇಳಿತ್ತು, ಇಷ್ಟು ಹೆಚ್ಚುಕಡಿಮೆ ಆಗಬಹುದು ಎಂಬ ಅಂಚನ್ನೂ ಸೇರಿಸಿ. ಇಲಾಖೆ ತಪ್ಪಿದ ವರ್ಷಗಳೂ ಇವೆ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ತಪ್ಪಿದಾಗ ಎಷ್ಟು ತಪ್ಪಿದರು ಎಂದು ಅಳೆಯಲು ಬರುತ್ತದೆ. ಪಂಚಾಂಗದ ಮಾತನ್ನು ಅಳೆಯುವುದು ಹೇಗೆ?

ಮೇಷ್ಟ್ರು: ಕೃಷಿಪರಾಶರ ಮಳೆಯನ್ನು ಆಢಕದಲ್ಲಿ ಅಳೆಯುತ್ತದೆ. ಇಪ್ಪತ್ತು ಪಾಲು ಮಾಡಿ ಹತ್ತು ಸಮುದ್ರಕ್ಕೆ, ಆರು ಬೆಟ್ಟಗಳಿಗೆ, ನಾಲ್ಕು ಮಾತ್ರ ನೆಲಕ್ಕೆ ಎನ್ನುತ್ತದೆ. ಈ ಅನುಪಾತ ಸರಿಯೋ ತಪ್ಪೋ, ಸುರಿದ ಮಳೆಯೆಲ್ಲ ಹೊಲಕ್ಕೆ ಬರುವುದಿಲ್ಲ ಎಂಬ ಅರಿವು ಅದರಲ್ಲಿದೆ. ನಿನ್ನ 108 ಇಡೀ ದೇಶದ ಸರಾಸರಿ. ಒಂದು ಕಡೆ ಊರು ಕೊಚ್ಚಿ ಹೋಗಿ ಇನ್ನೊಂದು ಕಡೆ ಕೆರೆ ಒಣಗಿದರೂ ಸರಾಸರಿ ಚೆನ್ನಾಗಿಯೇ ಇರುತ್ತದೆ. ಆದರೂ ಹೇಳಿಬಿಡುತ್ತೇನೆ, ಮೇಘಾಧಿಪತಿ ರವಿ ಎಂದು ನಾನು ಓದಿದ್ದು ಈ ವರ್ಷಕ್ಕೆ ಹೊಂದಲಿಲ್ಲ. ಬೆಳೆಗಾರನೂ ಅದನ್ನು ನಂಬಿ ಬಿತ್ತನೆ ನಿಲ್ಲಿಸಲಿಲ್ಲ. ಅವನು ಕಾಯುವುದು ಮೇಘಾಧಿಪತಿಯನ್ನಲ್ಲ, ಮಳೆ ನಕ್ಷತ್ರವನ್ನು. ರೋಹಿಣಿ, ಮೃಗಶಿರಾ, ಆರಿದ್ರಾ. ಅವು ಸೂರ್ಯನ ನಡೆಗೆ ಕಟ್ಟಿದವು, ಪ್ರತಿ ವರ್ಷ ಅದೇ ತಾರೀಖಿನ ಆಸುಪಾಸಿಗೆ ಬರುತ್ತವೆ. ಹದಿಮೂರು ಹದಿನಾಲ್ಕು ದಿನಕ್ಕೊಂದು. ಯಾವುದರಲ್ಲಿ ಏನು ಬಿತ್ತಬೇಕು ಎಂಬುದು ತಲೆತಲಾಂತರದ ಅನುಭವ. ಆರಿದ್ರಾ ಮಳೆ ಎಂಬುದು ಜ್ಞಾನ, ಮೇಘಾಧಿಪತಿ ಎಂಬುದು ಅದಕ್ಕೆ ಹಚ್ಚಿದ ಕಥೆ ಎಂದು ನೀನು ಹೇಳಿದರೆ ನಾನು ಜಗಳಕ್ಕೆ ಬರುವುದಿಲ್ಲ.

ಶಿಷ್ಯೆ: ಹಾಗಾದರೆ ಕಥೆಯನ್ನು ಬಿಟ್ಟು ಜ್ಞಾನವನ್ನಷ್ಟೇ ಓದಬಹುದಲ್ಲ?

ಮೇಷ್ಟ್ರು: ಬಿಡುವುದು ಸುಲಭವಲ್ಲ, ಕಾರಣವಿದೆ. 1876ರಿಂದ 78ರವರೆಗಿನ ಬರವನ್ನು ನಮ್ಮ ಕಡೆ ಏನೆಂದು ಕರೆಯುತ್ತಾರೆ? ಧಾತು ಈಶ್ವರ ಬರ. ಧಾತು ಸಂವತ್ಸರದಲ್ಲಿ ಶುರು, ಈಶ್ವರ ಸಂವತ್ಸರದಲ್ಲಿ ಉಲ್ಬಣ. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಹತ್ತು ವರ್ಷದ ನಂತರ ನಲವತ್ತೆರಡು ಲಕ್ಷವೂ ಇರಲಿಲ್ಲ. ಸತ್ತವರ ಹೆಸರು ಉಳಿಯಲಿಲ್ಲ, ಸಂವತ್ಸರದ ಹೆಸರು ಉಳಿಯಿತು. ಓದು ಬರಹ ಬಾರದವರೂ ಆ ಎರಡು ಹೆಸರನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟಿಸಿದರು. ಒಂದು ಹೆಸರು ಅರವತ್ತು ವರ್ಷಕ್ಕೆ ತಿರುಗಿ ಬರುವಾಗ ಹಿಂದಿನದನ್ನು ಕಂಡ ಒಬ್ಬರಾದರೂ ಊರಲ್ಲಿ ಬದುಕಿರುತ್ತಾರೆ. 1936ರಲ್ಲಿ ಮತ್ತೆ ಧಾತು ಬಂದಾಗ ಪಂಚಾಂಗ ಓದುವುದನ್ನು ಕೇಳಲು ಕೂತವರಲ್ಲಿ ಹಳೆಯ ಧಾತುವನ್ನು ಮಕ್ಕಳಾಗಿ ದಾಟಿ ಬಂದವರು ಇದ್ದೇ ಇದ್ದರು. 1876 ಎಂಬ ಅಂಕಿ ಆ ಕೆಲಸ ಮಾಡುತ್ತಿರಲಿಲ್ಲ.

ಶಿಷ್ಯೆ: ಇದು ನೀವು ಹೇಳಿದ್ದರಲ್ಲೆಲ್ಲ ಬಲವಾದ ಮಾತು. ಅದೇ ಬರ ನನ್ನ ವಾದಕ್ಕೂ ಸಾಕ್ಷಿ ಹೇಳುತ್ತದೆ. ವರಾಹಮಿಹಿರನ ಗ್ರಂಥದಲ್ಲಿ ಈಶ್ವರ, ಬಹುಧಾನ್ಯ ಎರಡೂ ಶುಭ ವರ್ಷಗಳು. ಜನರಿಗೆ ಒಳ್ಳೆಯ ಕಾಲ ತರುವಂಥವು. ಅಂಥ ಈಶ್ವರದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಅವನ ಈಶ್ವರ ಗುರುವಿನ ವರ್ಷ, ನಮ್ಮದು ಬೇರೆ ಎಂದು ನೀವು ಹೇಳಬಹುದು, ಆದರೆ ಆಗ ದಕ್ಷಿಣದ ಸಂವತ್ಸರ ಫಲಕ್ಕೆ ಗ್ರಂಥದ ಆಧಾರವೇ ಹೋಗುತ್ತದೆ. ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ. ಆ ಬರಕ್ಕೆ ಕಾರಣ ಈಗ ಗೊತ್ತಿದೆ. ಪೆಸಿಫಿಕ್ ಸಾಗರದಲ್ಲಿ ಬಲವಾದ ಎಲ್ ನಿನೊ ಎದ್ದು ಮಳೆ ತಪ್ಪಿತು. ಮಳೆ ತಪ್ಪಿದ್ದು ಬರಗಾಲವಾದದ್ದು ಆಳುವವರಿಂದ. ಮದ್ರಾಸಿನ ಬಂದರಿನಿಂದ ಧಾನ್ಯ ಹೊರಗೆ ಹೋಗುತ್ತಲೇ ಇತ್ತು, ಪರಿಹಾರದ ಕೆಲಸದಲ್ಲಿ ಕೂಲಿಯವರಿಗೆ ಕೊಡುವ ಧಾನ್ಯವನ್ನು ಟೆಂಪಲ್ ಎಂಬ ಅಧಿಕಾರಿ ಇಳಿಸಿದ. ಸಾವನ್ನು ಸಂವತ್ಸರದ ಹೆಸರಿಗೆ ಕಟ್ಟಿದಾಗ ಈ ಮನುಷ್ಯರ ಹೆಸರು ನೆನಪಿನಿಂದ ಜಾರಿ ಹೋಗುತ್ತದೆ. ಕಾಲ ಕೆಟ್ಟಿತ್ತು ಎಂದು ಮುಗಿಸಿಬಿಡುತ್ತೇವೆ.

ಮೇಷ್ಟ್ರು: ನವನಾಯಕರ ಪಟ್ಟಿಯಲ್ಲಿ ಅರ್ಘಾಧಿಪತಿ ಬೇರೆ, ಮೇಘಾಧಿಪತಿ ಬೇರೆ ಎಂದು ನಾನು ಹೇಳಿದ್ದು ಅದಕ್ಕೇ. ನೀನು ಈಗ ಹೇಳಿದ್ದು ಮೇಘ ಕೆಟ್ಟ ವರ್ಷದಲ್ಲಿ ಅರ್ಘವನ್ನೂ ರಾಜನನ್ನೂ ವಿಚಾರಿಸಬೇಕು ಎಂದು. ಒಂಬತ್ತು ಪ್ರಶ್ನೆಗಳು ಸರಿಯಾದವು. ಉತ್ತರ ತುಂಬುವ ಬಗೆಯಲ್ಲಿ ನಿನಗೆ ನಂಬಿಕೆ ಇಲ್ಲ. ನನಗೆ ಎಷ್ಟು ಇದೆ ಎಂಬುದನ್ನು ಇವತ್ತು ಪೂರ್ತಿ ಹೇಳಲಾರೆ. ಆದರೆ ವರ್ಷದ ಮೊದಲ ದಿನ ಒಂದು ಊರು ಸೇರಿ ಮಳೆ, ಬೆಳೆ, ಬೆಲೆ, ಆಳ್ವಿಕೆ ಎಂದು ಸಾಲಾಗಿ ನೆನೆಸಿಕೊಳ್ಳಲು ಬೇರೆ ಯಾವ ಸಭೆ ಇದೆ, ತೋರಿಸು. ನಾಯಕರನ್ನು ತೆಗೆದುಬಿಟ್ಟು ಪ್ರಶ್ನೆಗಳನ್ನಷ್ಟೇ ಓದಿದರೆ ಯಾರೂ ಬಂದು ಕೂರುವುದಿಲ್ಲ.

ಶಿಷ್ಯೆ: ತೆಗೆಯುವುದು ಬೇಡ. ಒಂದು ಕೆಲಸ ಮಾಡಿ. ಪರಾಭವದ ಫಲ ಓದುವ ಮೊದಲು ವಿಶ್ವಾವಸುವಿಗೆ ಏನು ಓದಿದ್ದಿರೋ ಅದನ್ನು ಮತ್ತೆ ಓದಿ, ನಡೆದದ್ದನ್ನು ಅದರ ಪಕ್ಕದಲ್ಲಿ ಹೇಳಿ. ಮೇಘಾಧಿಪತಿ ರವಿ ಎಂದಿದ್ದೆವು, ಮಳೆ ಇಷ್ಟು ಬಂತು. ಅರ್ಘಾಧಿಪತಿ ರವಿ ಎಂದಿದ್ದೆವು, ರಾಗಿ, ತೊಗರಿ, ಬೆಲ್ಲದ ಬೆಲೆ ಇಷ್ಟಿತ್ತು. ಜನ ತಾವೇ ತೂಗಲಿ.

ಮೇಷ್ಟ್ರು: ಅದನ್ನು ಮಾಡುತ್ತೇನೆ. ಕಷ್ಟವೇನಿಲ್ಲ, ಹೋದ ವರ್ಷದ ಪಂಚಾಂಗ ಇಲ್ಲೇ ಇದೆ. ತಾಲ್ಲೂಕಿನ ಮಳೆಯ ಅಂಕಿ ನೀನು ತಂದುಕೊಡು. ದೇಶದ್ದು ಬೇಡ, ಈ ತಾಲ್ಲೂಕಿನದು. ಆದರೆ ಒಂದು ವರ್ಷ ತಪ್ಪಿತು ಎಂದು ಶಾಸ್ತ್ರವನ್ನೇ ಬಿಡಬೇಕು ಎಂದರೆ ನಾನು ಒಪ್ಪುವುದಿಲ್ಲ. ನೀನೇ ಪಾಠ ಹೇಳುವುದಿಲ್ಲವೇ, ಒಂದು ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು?

ಶಿಷ್ಯೆ: ಹೇಳುತ್ತೇನೆ, ಇಲ್ಲೂ ಅದೇ ಸಲ್ಲುತ್ತದೆ. ವರ್ಷಕ್ಕೆ ಒಂದೇಕಾಲು ದಿನ ಸರಿದರೆ 28 ವರ್ಷಕ್ಕೆ 35 ದಿನ, ಅಂದರೆ ಐದು ವಾರ ತುಂಬುತ್ತದೆ. ಆ ಅವಧಿಯಲ್ಲಿ ಏಳು ಗ್ರಹಗಳೂ ನಾಲ್ಕು ನಾಲ್ಕು ಸಲ ಮೇಘಾಧಿಪತಿಗಳಾಗಿರುತ್ತಾರೆ. ನಾಲ್ಕು ಸಲ ಸಾಲದು. ಆದರೆ ನಿಯಮ ಬದಲಾಗದ್ದರಿಂದ ಹಳೆಯ ಪಂಚಾಂಗಗಳೇ ಸಿಗಬೇಕೆಂದಿಲ್ಲ, ಪಿಳ್ಳೈ ಅವರಂಥವರ ಕೋಷ್ಟಕ ಹಿಡಿದು ಹಿಂದಕ್ಕೆ ಲೆಕ್ಕ ಹಾಕಬಹುದು. ದೇಶದ ಮುಂಗಾರಿನ ಅಂಕಿ 1871ರಿಂದ ಇದೆ. ನೂರೈವತ್ತಕ್ಕೂ ಹೆಚ್ಚು ವರ್ಷ, ಒಬ್ಬೊಬ್ಬ ಮೇಘಾಧಿಪತಿಗೆ ಇಪ್ಪತ್ತರ ಮೇಲೆ ಸಿಗುತ್ತವೆ. ರವಿ, ಕುಜ, ಶನಿಯರ ವರ್ಷಗಳ ಮಳೆ ಒಂದು ಕಡೆ, ಉಳಿದ ನಾಲ್ವರದು ಒಂದು ಕಡೆ ಹಾಕಿ ನೋಡುತ್ತೇನೆ. ಲೆಕ್ಕಕ್ಕೆ ಮೊದಲೇ ನಾವಿಬ್ಬರೂ ಒಪ್ಪಿಕೊಳ್ಳಬೇಕಾದದ್ದು ಒಂದಿದೆ. ವಾರ ಸೂರ್ಯೋದಯದಿಂದಲೋ ನಡುರಾತ್ರಿಯಿಂದಲೋ? ಫಲ ಬಂದ ಮೇಲೆ ನಿಯಮ ಬದಲಿಸುವಂತಿಲ್ಲ.

ಮೇಷ್ಟ್ರು: ಸೂರ್ಯೋದಯದಿಂದ ಹಿಡಿ. ಶಾಸ್ತ್ರದ ದಿನ ಅದೇ. ಅಂದರೆ ಹೋದ ವರ್ಷದ ಮಂತ್ರಿಯನ್ನು ನಾನೇ ತಪ್ಪಾಗಿ ಓದಿದಂತಾಯಿತು, ಇರಲಿ. ಆದರೆ ನನ್ನ ಆಕ್ಷೇಪ ಈಗಲೇ ಬರೆದುಕೋ. ಇಡೀ ದೇಶದ ಸರಾಸರಿಯಲ್ಲಿ ಅಂತರ ಕಾಣಲಿಲ್ಲ ಎಂದು ನೀನು ಬಂದರೆ, ಪಂಚಾಂಗ ಹೇಳಿದ್ದು ನೆಲಕ್ಕೆ ಬೀಳುವ ನಾಲ್ಕು ಪಾಲಿನ ಮಾತು ಎಂದು ನಾನು ಕೇಳುತ್ತೇನೆ.

ಶಿಷ್ಯೆ: ಆಗ ನಾನು ಕೇಳುತ್ತೇನೆ, ಆ ನಾಲ್ಕು ಪಾಲು ಯಾವ ನೆಲಕ್ಕೆ ಎಂದು ಯಾವ ಪಂಚಾಂಗವಾದರೂ ಮೊದಲೇ ಹೇಳಿದೆಯೇ ಎಂದು.

ಮೇಷ್ಟ್ರು: ಹೇಳಿಲ್ಲ. ಅದನ್ನೂ ಬರೆದುಕೋ.